ಕೊಟೇಶನ್ನಿನಿಂದ ತೆಗೆದ ಸಾಲು

ಅನುವಾದ ಮಾಡುವುದಕ್ಕಿಂತ ಅನುವಾದದ ಕೊಟೇಶನ್ ಬರೆಯುವುದು ನನಗೆ ಹೆಚ್ಚು ಕಷ್ಟ. ಯಾರದೋ ಒಂದು ಪುಟವನ್ನು ಕನ್ನಡದಿಂದ ಇಂಗ್ಲಿಷಿಗೆ ದಾಟಿಸುವಾಗ ಬರೆದವರು ಜೊತೆಗಿದ್ದಾರೆ ಎಂಬ ಧೈರ್ಯವಿರುತ್ತದೆ. ಇಷ್ಟು ಕೆಲಸ, ಇಷ್ಟು ದಿನ, ಇಷ್ಟು ದುಡ್ಡು ಎಂದು ಹೊಸಬರಿಗೆ ಇಮೇಲ್ ಬರೆಯುವಾಗ ನಾನು ಒಬ್ಬಳೇ. ಕಡಿಮೆ ಹೇಳಿದರೆ ಹೊಟ್ಟೆಗೆ ತಣ್ಣೀರು ಬಟ್ಟೆ, ಹೆಚ್ಚು ಹೇಳಿದರೆ ಗಿರಾಕಿ ಮಾಯ. ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ, ಕುಕ್ಕರಿನ ಸೀಟಿ ಕೇಳುವಷ್ಟು ಹತ್ತಿರದ ಮೇಜಿನ ಮುಂದೆ ಕೂತು ಇಂಥ ಎಷ್ಟೋ ಇಮೇಲ್ ಬರೆದಿದ್ದೇನೆ. ಹೆಚ್ಚಿನವಕ್ಕೆ ಉತ್ತರ ಬರಲಿಲ್ಲ.

ಈಗೀಗ ಅದೂ ಕಡಿಮೆಯಾಗಿದೆ. ಏಜೆನ್ಸಿಯವರು ಅನುವಾದ ಮಾಡಿ ಎನ್ನುವುದಿಲ್ಲ, ಮಶೀನು ಮಾಡಿಟ್ಟದ್ದನ್ನು ಸ್ವಲ್ಪ ನೋಡಿಕೊಡಿ ಎನ್ನುತ್ತಾರೆ. ಆ ಸ್ವಲ್ಪದಲ್ಲಿ ಇಡೀ ಕೆಲಸವೇ ಇರುತ್ತದೆ, ದರ ಮಾತ್ರ ಸ್ವಲ್ಪ. ಬೇಡವೆಂದು ಎರಡು ಸಲ ಹೇಳಿದೆ, ಮೂರನೆಯ ಸಲ ಅವರು ಕೇಳಲಿಲ್ಲ. ಹಾಗೆ ಕೈ ಖಾಲಿಯಿದ್ದ ಒಂದು ಬೆಳಿಗ್ಗೆ ದಹಿಸರ್‌ನಿಂದ ಒಬ್ಬರು ಫೋನ್ ಮಾಡಿದರು. ಕನ್ನಡ ಸಂಘದವರಿಂದ ನನ್ನ ನಂಬರ್ ತೆಗೆದುಕೊಂಡಿದ್ದರು.

"ಮೇಡಮ್, ನಮ್ಮಮ್ಮಂಗೆ ಸೆವೆಂಟಿಫೈವ್ ಆಗ್ತದೆ," ಎಂದರು. "ಅವ್ರು ಸಂಘದ ಮ್ಯಾಗಝೀನಲ್ಲಿ ಏನೇನೋ ಬರ್ದಿದ್ದಾರೆ, ಹಳೇ ನೆನಪು. ಮಕ್ಳಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ. ಇಂಗ್ಲಿಷ್ ಮಾಡ್ಸಿ ಬುಕ್ ಥರ ಕೊಡ್ಬೇಕಂತ. ಅಮ್ಮಂಗೆ ಗೊತ್ತಿಲ್ಲ, ಸರ್ಪ್ರೈಸ್."

"ನೀವು ಓದೀರೇನ್ರೀ ಅವನ್ನ?" ಎಂದು ಕೇಳಿದೆ.

"ನಾನು ಸ್ಲೋ ಮೇಡಮ್. ಬೋರ್ಡ್ ಓದ್ತೇನೆ. ಬುಕ್ ನಹೀ ಹೋತಾ." ಕೂಡಲೇ ವ್ಯವಹಾರಕ್ಕೆ ಬಂದರು. "ಕೊಟೇಶನ್ ಮೇಲ್ ಮಾಡಿ. ಸ್ಕೋಪ್ ಏನು, ಎಷ್ಟು ದಿನ, ರಿವಿಶನ್ ಎಷ್ಟು ಸಲ, ಸಬ್ ಕ್ಲಿಯರ್. ಆಮೇಲೆ ಕಿಟ್‌ಕಿಟ್ ಬೇಡ."

ಅವರು ಯಾವುದೋ ಕಂಪನಿಯ ಪರ್ಚೇಸ್ ವಿಭಾಗದಲ್ಲಿದ್ದರು. ಬೋಲ್ಟು ನಟ್ಟುಗಳ ಕೊಟೇಶನ್ ಓದಿ ಓದಿ ಪಳಗಿದ ಮನುಷ್ಯ. ನನಗೂ ಅಂಥವರೇ ಹಿತ. "ಅಕ್ಕಾ, ನೀವು ಹೇಳಿದಷ್ಟು ಕೊಡೋಣ" ಎನ್ನುವವರು ಕೊನೆಗೆ ಕೊಡುವುದು ಒಂದು ಶಾಲು ಮಾತ್ರ.

ಫೋನಿನಲ್ಲಿ ತೆಗೆದು ಕಳಿಸಿದ ಫೋಟೋಗಳಲ್ಲಿ ಅಂಚಿನ ಅಕ್ಷರಗಳು ನುಂಗಿಹೋಗಿದ್ದವು. ಆದ್ದರಿಂದ ದಾದರ್ ಸ್ಟೇಷನ್ ಹೊರಗಿನ ಹೋಟೆಲಿನಲ್ಲಿ ಭೇಟಿಯಾಗಿ ಪತ್ರಿಕೆಯ ಹಳೆಯ ಸಂಚಿಕೆಗಳನ್ನೇ ಪಡೆದೆ. ಐವತ್ತು ದಾಟಿದವರು, ಇಸ್ತ್ರಿ ಮಾಡಿದ ಶರ್ಟು, ಕಾಫಿ ಕುಡಿಯುವಾಗಲೂ ವಾಚು ನೋಡುವ ಅಭ್ಯಾಸ. ಅವರ ತಂದೆ ಉಡುಪಿ ಕಡೆಯಿಂದ ಬಂದು ಇದೇ ದಾದರ್‌ನ ಹೋಟೆಲೊಂದರಲ್ಲಿ ದುಡಿದು, ಮುಂದೆ ದಹಿಸರ್‌ನಲ್ಲಿ ಸ್ವಂತದ್ದೊಂದು ಸಣ್ಣ ಹೋಟೆಲ್ ಮಾಡಿ ತೀರಿಕೊಂಡವರು. ತಾಯಿ ಮೊದಲು ಸಂಸಾರ ಹೂಡಿದ್ದು ನಮ್ಮ ಆಂಟಾಪ್ ಹಿಲ್‌ನ ಚಾಳಿನಲ್ಲಂತೆ.

ಮನೆಗೆ ಬಂದು ಪುಟ ತಿರುವಿ, ಒಂದು ಪುಟದ ಪದ ಎಣಿಸಿ, ಅದನ್ನು ಪುಟಗಳ ಸಂಖ್ಯೆಯಿಂದ ಗುಣಿಸಿ ಇಂಗ್ಲಿಷಿನಲ್ಲಿ ಇಮೇಲ್ ಬರೆದೆ. ಕೆಲಸ: ಪತ್ರಿಕೆಯಲ್ಲಿ ಅಚ್ಚಾದ ಎಂಟು ಬರಹಗಳ ಇಂಗ್ಲಿಷ್ ಅನುವಾದ ಮತ್ತು ನಾನೇ ಮಾಡುವ ಒಂದು ಮರುಓದು. ಪುಟವಿನ್ಯಾಸ, ಮುದ್ರಣ, ಅಚ್ಚಿಗೆ ಮೊದಲಿನ ಕರಡು ತಿದ್ದುವುದು ಇದರಲ್ಲಿಲ್ಲ. ದರ: ಕನ್ನಡ ಪದಕ್ಕೆ ಇಷ್ಟು, ಅರ್ಧ ಮುಂಗಡ. ಅವಧಿ: ಮುಂಗಡ ಬಂದ ದಿನದಿಂದ ನಾಲ್ಕು ವಾರ, ನಡುವೆ ಎರಡು ಕಂತಿನಲ್ಲಿ ಕಳಿಸುತ್ತೇನೆ. ತಿದ್ದುಪಡಿ: ಎರಡು ಸುತ್ತು ಇದೇ ದರದಲ್ಲಿ ಸೇರಿದೆ. ಕೊನೆಯ ಕಂತು ತಲುಪಿದ ಹದಿನೈದು ದಿನದೊಳಗೆ, ಒಬ್ಬರೇ, ಒಂದೇ ಫೈಲಿನಲ್ಲಿ ಎಲ್ಲವನ್ನೂ ಬರೆದು ಕಳಿಸಬೇಕು. ಅದಾದ ಮೇಲಿನ ಬದಲಾವಣೆಗೆ ಗಂಟೆಯ ಲೆಕ್ಕ. ಈ ದರ ಒಂದು ತಿಂಗಳು ಚಾಲ್ತಿಯಲ್ಲಿರುತ್ತದೆ.

ಇಷ್ಟೂ ಎಲ್ಲರೂ ಬರೆಯುವುದೇ. ನನ್ನದೇ ಆದ ಒಂದು ಸಾಲು ತಿದ್ದುಪಡಿಯ ಕೆಳಗೆ ಇರುತ್ತಿತ್ತು: ಅನುಮಾನ ಬಂದಲ್ಲಿ ಲೇಖಕರನ್ನು ನೇರವಾಗಿ ಕೇಳುತ್ತೇನೆ, ಮೂಲದಲ್ಲಿ ಏನನ್ನಾದರೂ ಬಿಡುವುದಿದ್ದರೆ ಅವರ ಒಪ್ಪಿಗೆ ಬೇಕು.

ಸಂಜೆಯೊಳಗೆ ಉತ್ತರ ಬಂತು. ದರಕ್ಕೆ ಒಂದು ಮಾತೂ ಚೌಕಾಶಿ ಇಲ್ಲ. "ಎಲ್ಲ ಒಪ್ಪಿಗೆ, ಲೇಖಕರ ಸಾಲೊಂದು ಬಿಟ್ಟು. ಅವರನ್ನು ಕೇಳಿದರೆ ಸರ್ಪ್ರೈಸ್ ಎಲ್ಲಿ ಉಳಿಯಿತು? ದಯವಿಟ್ಟು ಅದನ್ನು ತೆಗೆದು ಹೊಸ ಕೊಟೇಶನ್ ಕಳಿಸಿ. ಏನೇ ಪ್ರಶ್ನೆಯಿದ್ದರೂ ನನ್ನನ್ನು ಕೇಳಿ."

ಮಾತು ನ್ಯಾಯವಾಗಿಯೇ ಇತ್ತು. ಹುಟ್ಟುಹಬ್ಬದ ಉಡುಗೊರೆ, ಕೋರ್ಟು ಕಾಗದವಲ್ಲ. ಸಾಲು ತೆಗೆದೆ, ಕಳಿಸಿದೆ, ಮುಂಗಡ ಬಂತು. ಆ ತಿಂಗಳ ಸೊಸೈಟಿ ಮೇಂಟೆನೆನ್ಸ್ ಅದರಲ್ಲೇ ಕಟ್ಟಿದೆ.

ಬರಹಗಳು ಚೆನ್ನಾಗಿದ್ದವು. ಶಾಲೆ ಅರ್ಧಕ್ಕೆ ಬಿಟ್ಟ ಹೆಂಗಸು ಹೀಗೆ ಬರೆಯಬಲ್ಲಳೇ ಎಂದು ಕೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬರೆದಿದ್ದರು, ಅಷ್ಟೇ. ನಲ್ಲಿಯ ಸಾಲು, ಹೋಟೆಲಿನಿಂದ ಗಂಡ ತರುತ್ತಿದ್ದ ತಣ್ಣಗಿನ ಗೋಳಿಬಜೆ, ಹಿಂದಿ ಬಾರದೆ ಕೈಸನ್ನೆಯಲ್ಲೇ ಸಾಮಾನು ಕೊಂಡದ್ದು, ಹೀಗೆ. ಮೂರನೆಯ ಬರಹ ಬೇರೆ ಥರದ್ದು.

ಅವರ ಮೊದಲ ಮಗುವಿನ ಬಗ್ಗೆ ಬರೆದಿದ್ದರು. ಮೂರು ವರ್ಷದ ಹೆಣ್ಣು. ಮಳೆಗಾಲದ ಜ್ವರ, ಗಂಡ ಹೋಟೆಲಿನಲ್ಲಿ, ತಾನು ದಿನ ತುಂಬಿದ ಬಸುರಿ. ಮಗು ಹೋದ ವಾರದಲ್ಲೇ ಗಂಡು ಹುಟ್ಟಿತು. ಆ ಗಂಡುಮಗುವನ್ನು ತಾನು ಎತ್ತಿಕೊಳ್ಳಲಿಲ್ಲ, ಹಾಲು ಕೊಡಲಿಲ್ಲ, ಮುಖ ನೋಡಲಿಲ್ಲ ಎಂದು ಬರೆದಿದ್ದರು. ಮೇಲಿನ ಖೋಲಿಯಲ್ಲಿ ಗಾರೆ ಕೆಲಸದವನ ಹೆಂಡತಿ, ಬಿಜಾಪುರ ಕಡೆಯವಳು, ತನ್ನ ಮಗುವಿನ ಜೊತೆ ಇವನಿಗೂ ಹಾಲೂಡಿಸಿದಳು. ಮುಂದಿನ ಮಳೆಗಾಲದವರೆಗೂ ಅವನು ಅವಳ ಮಗು. ಕೊನೆಯ ಸಾಲು ಹೀಗಿತ್ತು: "ನನ್ನ ಮಗ ಇದನ್ನು ತಿಳಿಯಬೇಕು. ತಿಳಿದ ಮೇಲೆ ನನ್ನನ್ನು ಅಮ್ಮ ಎಂದು ಕರೆದರೆ ಅದು ಅವನ ದೊಡ್ಡತನ."

ನಾನೂ ಬಿಜಾಪುರದ ಗಾರೆ ಕೆಲಸದವನ ಮಗಳು, ಇಂಥದೇ ಚಾಳಿನಲ್ಲಿ ಹುಟ್ಟಿದವಳು. ಆ ಪುಟಗಳನ್ನು ಇಂಗ್ಲಿಷ್ ಮಾಡುವಾಗ ಅತ್ತೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಅತ್ತು, ಮುಖ ತೊಳೆದು, ಮೊದಲ ಕಂತಿನಲ್ಲಿ ಕಳಿಸಿದೆ. ಆ ಗಂಡುಮಗುವಿಗೇ ಕಳಿಸುತ್ತಿದ್ದೇನೆ ಎಂಬ ಅರಿವು ನನಗಿತ್ತು. ಏನು ಮಾಡಲಿ, ಕೊಟೇಶನ್ನಿನಲ್ಲಿ ಎಂಟು ಬರಹ ಎಂದಿತ್ತು.

ಕೊನೆಯ ಕಂತೂ ತಲುಪಿದ ಮೇಲೆ ಮೊದಲ ಸುತ್ತಿನ ತಿದ್ದುಪಡಿ ಬಂತು. ಅಚ್ಚುಕಟ್ಟಾದ ಫೈಲು. ಇಲ್ಲೊಂದು ಪದ ಸುಲಭ ಮಾಡಿ, ಅಲ್ಲೊಂದು ತಿಂಡಿಯ ಹೆಸರಿಗೆ ವಿವರಣೆ ಕೊಡಿ, ಮಕ್ಕಳು ಓದುವುದಲ್ಲವೇ. ಮೂರನೆಯ ಬರಹಕ್ಕೆ ಬಂದರೆ ಶೀರ್ಷಿಕೆಯಿಂದ ಕೊನೆಯವರೆಗೆ ಕೆಂಪು ಗೆರೆ. ಪಕ್ಕದಲ್ಲಿ ಒಂದೇ ಪದ, ತೆಗೆಯಿರಿ.

ನಾನು ಬರೆದೆ: "ಇದು ತಿದ್ದುಪಡಿಯಲ್ಲ, ಇಡೀ ಬರಹವನ್ನೇ ಕೈಬಿಡುವುದು. ನಿಮ್ಮ ತಾಯಿಯವರನ್ನು ಕೇಳದೆ ಮಾಡುವುದು ಸರಿಯಲ್ಲ. ಅವರು ಇದನ್ನು ಅಚ್ಚು ಮಾಡಿಸಿದ್ದಾರೆ, ಮುಚ್ಚಿಟ್ಟಿಲ್ಲ."

ಅವರ ಉತ್ತರದಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಪರಿಷ್ಕೃತ ಕೊಟೇಶನ್ ಪ್ರಕಾರ ಎರಡು ಸುತ್ತು ತಿದ್ದುಪಡಿ ಸೇರಿದೆ. ಇದು ಮೊದಲ ಸುತ್ತು. ಬಿಡುವುದರ ಬಗ್ಗೆ ಅದರಲ್ಲಿ ಷರತ್ತು ಇಲ್ಲ. ಆ ಬರಹದ ಅನುವಾದದ ಹಣ ಪೂರ್ತಿ ಕೊಡುತ್ತೇನೆ."

ಬೋಲ್ಟು ನಟ್ಟಿನ ಮನುಷ್ಯ ಎಂದು ನಾನೇ ಹೊಗಳಿದ್ದೆನಲ್ಲ. ಮಾಡಿದ್ದುಣ್ಣೋ ಮಹಾರಾಯ. ನನಗೆ ಕೋಪ ಬಂತು. ಆದರೆ ಕೋಪ ನಿಲ್ಲಲು ಜಾಗ ಸಿಗಲಿಲ್ಲ. ಅಮ್ಮ ಎತ್ತಿಕೊಳ್ಳದ ಮಗು ತಾನು ಎಂಬುದನ್ನು ತನ್ನ ಮಕ್ಕಳ ಕೈಗೆ ಯಾವ ಗಂಡಸು ಕೊಟ್ಟಾನು? ಬರಹವನ್ನು ಫೈಲಿನಿಂದ ತೆಗೆದು, ಉಳಿದ ಏಳನ್ನು ಒಂದಕ್ಕೊಂದು ಜೋಡಿಸಿ ಕಳಿಸಿದೆ.

ಎರಡನೆಯ ಸುತ್ತಿನಲ್ಲಿ ನಾಲ್ಕೈದು ಅಲ್ಪವಿರಾಮಗಳ ವಿಚಾರವಿತ್ತು. ಮೇಲ್‌ನ ಕೊನೆಯಲ್ಲಿ ಒಂದು ಸಾಲು, ಮೊದಲು ಬರೆದು ಅಳಿಸಿ ಮತ್ತೆ ಬರೆದಂತೆ, ಉಳಿದದ್ದಕ್ಕೆ ಸಂಬಂಧವಿಲ್ಲದೆ ನಿಂತಿತ್ತು: "ತೆಗೆದ ಬರಹದಲ್ಲಿ ಬರುವ ಮೇಲಿನ ಖೋಲಿಯ ಹೆಂಗಸು ಆಮೇಲೆ ಎಲ್ಲಿಗೆ ಹೋದರು ಎಂದು ಮೂಲದಲ್ಲಿ ಇದೆಯೇ?"

ಸಂಚಿಕೆಯನ್ನು ಮತ್ತೆ ಓದಿದೆ. ಇರಲಿಲ್ಲ. "ಮೂಲದಲ್ಲಿ ಇಲ್ಲ. ಲೇಖಕರಿಗೆ ಗೊತ್ತಿರಬಹುದು," ಎಂದು ಬರೆದೆ. ಅವರು ಅದಕ್ಕೆ ಉತ್ತರಿಸಲಿಲ್ಲ. ಬಾಕಿ ಹಣ ಮಾರನೆಯ ದಿನವೇ ಬಂತು, ಎಂಟು ಬರಹಗಳದ್ದೂ.

ಸಮಾರಂಭ ದಹಿಸರ್‌ನಲ್ಲಿ, ಅವರ ಬಿಲ್ಡಿಂಗಿನ ಕೆಳಗಿನ ಹಾಲ್‌ನಲ್ಲಿ. ನನ್ನನ್ನೂ ಕರೆದಿದ್ದರು. ಹೋಗಬಾರದೆಂದುಕೊಂಡೆ. ಆದರೆ ಪುಸ್ತಕ ಕೈಗೆ ಬಂದಾಗ ಆ ತಾಯಿಯ ಮುಖ ನೋಡಬೇಕೆಂಬ ಆಸೆ ಹೆಚ್ಚಾಯಿತು. ಹೋದೆ. ಚಿಕ್ಕ ಆಕೃತಿ, ಹಸಿರು ರೇಷ್ಮೆ ಸೀರೆ, ಮುಡಿಯಲ್ಲಿ ಅಬ್ಬಲಿಗೆ. ಮೊಮ್ಮಕ್ಕಳು ಒಂದೊಂದು ಪುಟ ಇಂಗ್ಲಿಷಿನಲ್ಲಿ ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರೂ ತಟ್ಟಿದರು, ತಮ್ಮದೇ ಮಾತು ಎಂದು ತಿಳಿಯದವರ ಹಾಗೆ.

ಊಟವಾದ ಮೇಲೆ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು. ಪುಸ್ತಕ ಅವರ ಮಡಿಲಲ್ಲಿತ್ತು, ವಿಷಯಸೂಚಿಯ ಪುಟದಲ್ಲಿ ಬೆರಳು ಇಟ್ಟಿದ್ದರು.

"ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ ನನಗೆ," ಎಂದರು. "ಲೆಕ್ಕ ಬರ್ತದೆ. ನಾನು ಬರ್ದದ್ದು ಎಂಟು. ಇದ್ರಲ್ಲಿ ಏಳು ಉಂಟು."

ಬೆರಳು ಎರಡನೆಯ ಸಾಲಿನ ಕೆಳಗೆ ಇಳಿಯಿತು.

"ಮೂರನೆದ್ದು ಅಲ್ವಾ?"

"ಹೌದ್ರೀ ಅಮ್ಮಾ."

"ಅವ ಓದಿ ತೆಗ್ದದ್ದಾ, ಓದದೆ ತೆಗ್ದದ್ದಾ?"

"ಓದೇ ತಗದಾರ್ರೀ."

ಅವರು ದೂರದಲ್ಲಿ ಕೇಟರರ್ ಜೊತೆ ಲೆಕ್ಕ ಮಾತಾಡುತ್ತಿದ್ದ ಮಗನನ್ನು ನೋಡಿದರು. "ಹಾಗಾದ್ರೆ ಆಯ್ತು," ಎಂದರು. "ಅವ್ನಿಗೇ ಬರ್ದದ್ದು ಅದು. ಎದುರು ಕೂತು ಹೇಳ್ಲಿಕ್ಕೆ ನಂಗೆ ಬಾಯಿ ಬರ್ಲಿಲ್ಲ. ಪತ್ರಿಕೆ ಮನೆಗೆ ಬಂತು, ಟೇಬಲಿನ ಮೇಲೇ ಇಟ್ಟೆ. ಅವ ಅದ್ರ ಮೇಲೆ ಹೆಲ್ಮೆಟ್ ಇಟ್ಟ." ಆಮೇಲೆ ನನ್ನ ಕಡೆ ತಿರುಗಿದರು. "ಏನಾದ್ರೂ ಕೇಳಿದ್ನಾ, ನಿಮ್ಮತ್ರ?"

ಗಿರಾಕಿಯ ಮಾತನ್ನು ಮೂರನೆಯವರಿಗೆ ಹೇಳುವುದಿಲ್ಲ ಎಂಬುದೂ ನನ್ನ ಕೊಟೇಶನ್ನಿನ ಒಂದು ಸಾಲು. ಬರೆದವರೇ ಮೂರನೆಯವರಾದರೆ ಏನು ಮಾಡಬೇಕು ಎಂದು ಅದರಲ್ಲಿ ಇಲ್ಲ. ಹೇಳಿಬಿಟ್ಟೆ. "ಮ್ಯಾಲಿನ ಖೋಲ್ಯಾಕಿ ಆಮ್ಯಾಲೆ ಎಲ್ಲಿ ಹೋದ್ಲಂತ ಕೇಳಿದ್ರು."

ಅವರು ಪುಸ್ತಕ ಮುಚ್ಚಿದರು. "ಅದು ನನ್ನತ್ರ ಕೇಳ್ಬಹುದಿತ್ತಲ್ಲ," ಎಂದರು.

"ಸರ್ಪ್ರೈಸ್ ಇತ್ತಲ್ರೀ ಅಮ್ಮಾ. ಇನ್ನ ಕೇಳ್ತಾರ ಬಿಡ್ರಿ."

ಹಾಗೆ ನಂಬಿಯೇ ಹೇಳಿದ್ದೆ. ವಾಪಸು ಬರುವಾಗ ಲೋಕಲ್‌ನಲ್ಲಿ ಕಿಟಕಿಯ ಸೀಟು ಸಿಕ್ಕಿತ್ತು, ಹೊರಗೆ ನೋಡುವ ಮನಸ್ಸಿರಲಿಲ್ಲ.

ಒಂದು ತಿಂಗಳ ಮೇಲೆ ಆ ತಾಯಿಯ ಫೋನ್ ಬಂತು. ಮಧ್ಯಾಹ್ನದ ಹೊತ್ತು, ಮಗ ಆಫೀಸಿನಲ್ಲಿರುವ ಸಮಯ ನೋಡಿ ಮಾಡಿದ್ದರು.

"ಅವ ಕೇಳ್ಲಿಲ್ಲ," ಎಂದರು ನೇರವಾಗಿ. "ದಿನಾ ಎದುರು ಕೂತು ಊಟ ಮಾಡ್ತಾನೆ. ಸಾರು ಸಾಕಾ ಅಂತ ನಾನು ಕೇಳ್ತೇನೆ. ಸಾಕು ಅಂತಾನೆ. ನಾನಾಗಿ ಎತ್ತುವ ಅಂದ್ರೆ ಆ ಪುಸ್ತಕವನ್ನು ಮೇಲೆ ಶೋಕೇಸಲ್ಲಿಟ್ಟು ಗಾಜು ಮುಚ್ಚಿದ್ದಾನೆ. ನೀವೇ ತಿಳಿಸಿ ಮಾರಾಯ್ತಿ. ನಿಮ್ಮತ್ರ ಕೇಳಿದ್ದಲ್ವಾ, ನೀವೇ ಹೇಳ್ಬೇಕು."

ನಾನು ಕಾಗದ ತೆಗೆದುಕೊಂಡು ಮೇಲಿನ ಖೋಲಿಯ ಹೆಂಗಸಿನ ಬಗ್ಗೆ ಅವರು ಹೇಳಿದ್ದನ್ನು ಬರೆದುಕೊಂಡೆ. ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಕೊಟೇಶನ್ನಿನಿಂದ ತೆಗೆದುಹಾಕಿದ್ದ ಕೆಲಸವನ್ನೇ ಈಗ ಮಾಡುತ್ತಿದ್ದೆ, ಲೇಖಕರನ್ನು ನೇರವಾಗಿ ಕೇಳುವ ಕೆಲಸ.

ಹೊಸ ಮೇಲ್ ಶುರುಮಾಡಲಿಲ್ಲ. ಕೊಟೇಶನ್ ಎಂದು ತಲೆಬರಹವಿದ್ದ ಹಳೆಯ ಸರಣಿಯಲ್ಲೇ, ಅವರ ಪ್ರಶ್ನೆಯ ಕೆಳಗೇ, ನನ್ನ ಎಂದಿನ ಕಚೇರಿ ಇಂಗ್ಲಿಷಿನಲ್ಲಿ ಬರೆದೆ. ಬೇರೆ ದನಿಯಲ್ಲಿ ಬರೆದರೆ ಆ ಮನುಷ್ಯ ಓದುವುದನ್ನೇ ನಿಲ್ಲಿಸಬಹುದು ಎನಿಸಿತು.

"ಎರಡನೆಯ ಸುತ್ತಿನಲ್ಲಿ ನೀವು ಕೇಳಿದ ಪ್ರಶ್ನೆಗೆ ಸಂಬಂಧಿಸಿ ಲೇಖಕರು ನೀಡಿದ ಉತ್ತರ ಹೀಗಿದೆ. ಮೇಲಿನ ಖೋಲಿಯ ಹೆಂಗಸು ಗಂಡ ಕೆಲಸದ ಜಾಗದಲ್ಲಿ ಬಿದ್ದು ತೀರಿಕೊಂಡ ಮೇಲೆ ಖೋಲಿ ಬಿಟ್ಟು ದಾದರ್ ಮಾರ್ಕೆಟ್ಟಿನಲ್ಲಿ ತರಕಾರಿ ಮಾರಲು ಕೂತರು. ನೀವು ಶಾಲೆಗೆ ಹೋಗುತ್ತಿದ್ದ ವರ್ಷಗಳಲ್ಲಿ ಪ್ರತಿ ಶನಿವಾರ ಲೇಖಕರು ನಿಮ್ಮನ್ನು ಅವರ ಬಳಿಗೆ ಕರೆದೊಯ್ಯುತ್ತಿದ್ದರು. ನಿಮಗೆ ಬೋರೆಹಣ್ಣು ಕೊಡುತ್ತಿದ್ದ ಹೆಂಗಸು ಅವರೇ. ಅವರು ಕೆನ್ನೆ ಮುಟ್ಟಲು ಬಂದರೆ ಕೈ ಕೊಳಕು ಎಂದು ನೀವು ತಾಯಿಯ ಹಿಂದೆ ಅಡಗುತ್ತಿದ್ದಿರಿ. ಅದಕ್ಕೆ ಅವರು ನಗುತ್ತಿದ್ದರು. ಅವರು ಈಗಿಲ್ಲ. ಹೆಚ್ಚಿನ ವಿವರ ಬೇಕಾದರೆ ಲೇಖಕರನ್ನು ನೇರವಾಗಿ ಕೇಳಬಹುದು. ಅವರು ಕಾಯುತ್ತಿದ್ದಾರೆ."

ಕೊನೆಯ ವಾಕ್ಯ ಕಚೇರಿಯದಲ್ಲ. ಇರಲಿ ಎಂದು ಬಿಟ್ಟೆ.

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಬಂತು. ನಾನು ಕನ್ನಡಕ ಒರೆಸಿಕೊಂಡು ಓದಿದೆ.

"ಗಮನಿಸಿದ್ದೇನೆ, ಧನ್ಯವಾದ. ತಿದ್ದುಪಡಿಯ ಅವಧಿ ಮುಗಿದಿದೆ ಎಂದು ತಿಳಿದಿದೆ. ಇದಕ್ಕೆ ಪ್ರತ್ಯೇಕ ಹಣ ಕೊಡಬೇಕಿದ್ದರೆ ತಿಳಿಸಿ."

ಕಲ್ಲೆದೆ ಎಂದು ಮೊದಲು ಅನಿಸಿತು. ಆಮೇಲೆ, ಆ ಎರಡು ದಿನಗಳಲ್ಲಿ ಅವರಿಗೆ ಬರೆಯಲು ಸಿಕ್ಕಿದ್ದು ಇಷ್ಟೇ ಮಾತೇನೋ ಎನಿಸಿತು. ಎರಡರಲ್ಲಿ ಯಾವುದು ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ. "ಬೇಡ, ಇದು ಮೊದಲ ದರದಲ್ಲೇ ಸೇರಿದೆ," ಎಂದು ಉತ್ತರಿಸಿದೆ.

ಈಗ ಲೇಖಕರನ್ನು ಕೇಳುವ ಆ ಸಾಲನ್ನು ನನ್ನ ಕೊಟೇಶನ್ನಿನಿಂದ ಯಾರು ಹೇಳಿದರೂ ತೆಗೆಯುವುದಿಲ್ಲ. ಅದೇ ಕಾರಣಕ್ಕೆ ಕಳೆದ ತಿಂಗಳು ಒಂದು ಕೆಲಸ ಕೈತಪ್ಪಿತು.

ಮಗನ ಉತ್ತರ ಬಂದ ವಾರವೇ ಆ ತಾಯಿ ಫೋನ್ ಮಾಡಿದ್ದರು. ಹಿಂದೆ ಕುಕ್ಕರ್ ಕೂಗುತ್ತಿತ್ತು, ಅವರದೋ ನಮ್ಮದೋ ತಿಳಿಯಲಿಲ್ಲ.

"ತಿಳಿಸಿದ್ರಾ?"

"ತಿಳಿಸೇನ್ರೀ ಅಮ್ಮಾ."

"ಎಂತ ಹೇಳಿದ?"

ಲ್ಯಾಪ್‌ಟಾಪ್ ಎದುರಿಗೇ ತೆರೆದಿತ್ತು, ಅವರ ಮಗನ ಮಾತು ಅದರಲ್ಲಿತ್ತು. ಅದನ್ನು ಕನ್ನಡಕ್ಕೆ ಮಾಡಿ ಹೇಳಲು ನನ್ನಿಂದ ಆಗಲಿಲ್ಲ.

"ಓದ್ಯಾರ್ರೀ," ಎಂದೆ.

"ಹ್ಞಾಂ," ಎಂದರು. ಫೋನ್ ಇಡಲಿಲ್ಲ. ಇನ್ನೂ ಏನಾದರೂ ಇದೆಯೇನೋ ಎಂದು ಕಾಯುತ್ತಿದ್ದರು.